“ಒಟಿಪಿ ಹೇಳಬೇಡಿ” ಎಂದ ಪತ್ರ ಎಡವಿದ್ದೆಲ್ಲಿ? ನಕಲಿ ಗ್ಯಾಸ್ ಬುಕಿಂಗ್ ಕರೆಯ ಒಂದು ಪ್ರಕರಣ

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಅಪಾರ್ಟ್‌ಮೆಂಟು. ಪೈಪಿನ ಗ್ಯಾಸ್ ಇನ್ನೂ ಬಂದಿಲ್ಲ, ಎಲ್ಲ ಮನೆಗಳಲ್ಲೂ 14.2 ಕೆ.ಜಿ.ಯ ಸಿಲಿಂಡರೇ. ಗ್ಯಾಸ್ ಹೆಸರಿನಲ್ಲಿ ಮೋಸದ ಕರೆಗಳು ಬರುತ್ತಿವೆ ಎಂದು ಗೊತ್ತಾದ ಕೂಡಲೇ ನಿವಾಸಿಗಳ ಸಂಘದ ಕಾರ್ಯದರ್ಶಿ ಒಂದು ಎಚ್ಚರಿಕೆ ಪತ್ರ ಹೊರಡಿಸಿದರು. ಪತ್ರ ಹೊರಟ ಹತ್ತು ದಿನಕ್ಕೆ, ಅದನ್ನು ಚಾಚೂತಪ್ಪದೆ ಪಾಲಿಸಿದ ಮನೆಯಿಂದಲೇ 48,500 ರೂಪಾಯಿ ಹೋಯಿತು. ಪತ್ರ ಇರಲಿಲ್ಲವೆಂದು ಹಣ ಹೋಗಲಿಲ್ಲ. ಪತ್ರದ ಒಂದು ಸಾಲು ಅರ್ಧ ಸತ್ಯವಾಗಿದ್ದರಿಂದ ಹೋಯಿತು.

ಒಂದು ಮಾತು ಮೊದಲೇ ಹೇಳಬೇಕು. ಇದು ಯಾವುದೋ ಒಂದು ವಿಳಾಸದಲ್ಲಿ ನಡೆದ ಘಟನೆಯ ವರದಿಯಲ್ಲ. ಇಂಥ ಮೋಸ ಸಾಮಾನ್ಯವಾಗಿ ಸಾಗುವ ದಾರಿಯನ್ನು ಒಂದು ಮನೆಗೆ ಹೊಂದಿಸಿ ಬಿಡಿಸಿಟ್ಟ ಮಾದರಿ ಪ್ರಕರಣ. ಮೊತ್ತ, ಗಂಟೆ, ಮಾತುಕತೆ ಮಾದರಿಗಾಗಿ ಇಟ್ಟವು. ಗ್ಯಾಸ್ ವಿತರಣೆಯ ಕ್ರಮ, ಮೋಸದ ತಂತ್ರ, ದೂರಿನ ದಾರಿ ಇವು ನಿಜವಾಗಿ ಇರುವಂತೆಯೇ ಇವೆ.

ಮೊದಲ ಪತ್ರ

ಪತ್ರದಲ್ಲಿ ಇದ್ದದ್ದು ಇಷ್ಟೇ: “ಮಾನ್ಯ ನಿವಾಸಿಗಳೇ, ಗ್ಯಾಸ್ ಬುಕಿಂಗ್ ಹೆಸರಿನಲ್ಲಿ ವಂಚಕರು ಕರೆ ಮಾಡುತ್ತಿರುವುದು ಗಮನಕ್ಕೆ ಬಂದಿದೆ. ದಯವಿಟ್ಟು ಯಾರಿಗೂ, ಯಾವ ಕಾರಣಕ್ಕೂ ಒಟಿಪಿ ಹೇಳಬೇಡಿ. ಅನುಮಾನ ಬಂದರೆ ಗ್ಯಾಸ್ ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿ. ಎಲ್ಲರೂ ಎಚ್ಚರದಿಂದಿರಿ.”

ಓದಿದರೆ ತಪ್ಪೇನೂ ಕಾಣುವುದಿಲ್ಲ. ನೂರಾರು ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಇದೇ ಧಾಟಿಯ ಕಾಗದ ಅಂಟಿಸಿರುತ್ತಾರೆ. ಆದರೆ ಗ್ಯಾಸಿನ ವಿಷಯದಲ್ಲಿ ಈ ನಾಲ್ಕು ಸಾಲುಗಳಲ್ಲಿ ಎರಡು ಗುಂಡಿಗಳಿವೆ. “ಯಾರಿಗೂ ಒಟಿಪಿ ಹೇಳಬೇಡಿ” ಎಂಬುದು ಒಂದು. “ಕಸ್ಟಮರ್ ಕೇರ್‌ಗೆ ಕರೆ ಮಾಡಿ” ಎಂದು ಹೇಳಿ, ಆ ನಂಬರನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂದು ಹೇಳದಿರುವುದು ಇನ್ನೊಂದು. ಈ ಮನೆಯವರು ಮೊದಲನೆಯದರಲ್ಲಿ ಕಾಲಿಟ್ಟು ಎರಡನೆಯದಕ್ಕೆ ಬಿದ್ದರು.

ಹೇಳಲೇಬೇಕಾದ ಒಂದು ಕೋಡ್

ಸಿಲಿಂಡರ್ ಬುಕ್ ಮಾಡಿದ ಮೇಲೆ, ನೋಂದಾಯಿತ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ. ಇದರ ಹೆಸರು ಡೆಲಿವರಿ ಅಥೆಂಟಿಕೇಶನ್ ಕೋಡ್, ಚಿಕ್ಕದಾಗಿ ಡಿಎಸಿ. ಸಬ್ಸಿಡಿ ಸಿಲಿಂಡರುಗಳು ಕಾಳಸಂತೆಗೆ ಹೋಗದಿರಲಿ, ಹೆಸರಿದ್ದವರ ಮನೆಗೇ ತಲುಪಲಿ ಎಂದು ತೈಲ ಕಂಪನಿಗಳು 2020ರ ಕೊನೆಯಲ್ಲಿ ದೊಡ್ಡ ನಗರಗಳಿಂದ ಶುರುಮಾಡಿದ ವ್ಯವಸ್ಥೆ ಇದು. ಸಿಲಿಂಡರ್ ತಂದ ಹುಡುಗನಿಗೆ ಆ ಸಂಖ್ಯೆ ಹೇಳಬೇಕು, ಅವನು ತನ್ನ ಮೊಬೈಲಿನಲ್ಲಿ ಒತ್ತಬೇಕು, ಆಗಲೇ ಡೆಲಿವರಿ ಆಯಿತೆಂದು ದಾಖಲಾಗುತ್ತದೆ. ಎಂದರೆ ಇಲ್ಲಿ ಪರಿಚಯವೇ ಇಲ್ಲದ ಒಬ್ಬನಿಗೆ, ಮೊಬೈಲಿಗೆ ಬಂದ ಗುಟ್ಟಿನ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದೇ ನಿಯಮ.

ಗ್ಯಾಸ್ ಹುಡುಗನೂ ಇದನ್ನು ಡಿಎಸಿ ಎನ್ನುವುದಿಲ್ಲ. ಬಾಗಿಲಲ್ಲಿ ನಿಂತು “ಅಮ್ಮಾ, ಒಟಿಪಿ ಹೇಳಿ” ಎನ್ನುತ್ತಾನೆ. ಬ್ಯಾಂಕಿನ ಒಟಿಪಿಗೂ ಅದೇ ಹೆಸರು, ಇದಕ್ಕೂ ಅದೇ ಹೆಸರು. ಮೋಸಗಾರರಿಗೆ ಬೇಕಾಗಿರುವುದೂ ಈ ಒಂದೇ ಹೆಸರಿನ ಗೊಂದಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಗ್ಯಾಸಿನವನಿಗೆ ಸಂಖ್ಯೆ ಹೇಳಿ ರೂಢಿಯಾದ ಬಾಯಿ, ಫೋನಿನಲ್ಲಿ “ಗ್ಯಾಸ್ ಏಜೆನ್ಸಿಯಿಂದ” ಎಂದ ಕೂಡಲೇ ಇನ್ನೊಂದು ಸಂಖ್ಯೆಯನ್ನೂ ಹೇಳಿಬಿಡುತ್ತದೆ.

ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಡಿಎಸಿ ಅಕಸ್ಮಾತ್ ಬೇರೆಯವರ ಕೈಸೇರಿದರೆ, ಬಾರದ ಸಿಲಿಂಡರು ಬಂದಿದೆ ಎಂದು ದಾಖಲಾಗಬಹುದು. ನಷ್ಟ ಒಂದು ಸಿಲಿಂಡರಿನಷ್ಟು. ಬ್ಯಾಂಕಿನ ಒಟಿಪಿ ಹೋದರೆ ಖಾತೆಗೇ ಕೈ ಬೀಳುತ್ತದೆ. ಮೊದಲನೆಯದನ್ನು ಬಾಗಿಲಲ್ಲಿ, ಸಿಲಿಂಡರು ಕಣ್ಣೆದುರು ಇರುವಾಗ ಮಾತ್ರ ಹೇಳಬೇಕು. ಎರಡನೆಯದನ್ನು ಯಾರಿಗೂ ಹೇಳಕೂಡದು. ಮೊದಲ ಪತ್ರ ಈ ಗೆರೆಯನ್ನು ಎಳೆಯಲೇ ಇಲ್ಲ.

ಆ ದಿನ ನಡೆದದ್ದು

ಮನೆಯಲ್ಲಿ ಅರವತ್ತೆಂಟು ದಾಟಿದ ತಾಯಿ ಒಬ್ಬರೇ. ಮಗ ಕೆಲಸಕ್ಕೆ ಹೋಗಿದ್ದ. ಬೆಳಗ್ಗೆ 11.10ಕ್ಕೆ ಸಿಲಿಂಡರು ಬಂತು. ಹುಡುಗ ಒಟಿಪಿ ಕೇಳಿದ. ಲಿಫ್ಟಿನಲ್ಲಿ ಓದಿದ ಪತ್ರ ನೆನಪಾಗಿ ಅವರು, “ಇಲ್ಲಪ್ಪಾ, ಒಟಿಪಿ ಯಾರಿಗೂ ಹೇಳಬಾರದು ಅಂತ ನೋಟಿಸ್ ಹಾಕಿದ್ದಾರೆ” ಎಂದರು. ಕೋಡ್ ಇಲ್ಲದೆ ಕೊಟ್ಟರೆ ತನಗೆ ತೊಂದರೆ ಎಂದು ಅವನು ಸಿಲಿಂಡರನ್ನು ವಾಪಸ್ ಒಯ್ದ. ಇಬ್ಬರೂ ತಮಗೆ ಹೇಳಿದ್ದನ್ನೇ ಮಾಡಿದ್ದರು.

ಒಲೆಗೆ ಜೋಡಿಸಿದ್ದ ಸಿಲಿಂಡರು ಖಾಲಿಯಾಗುವ ಹಂತದಲ್ಲಿತ್ತು. 11.30ಕ್ಕೆ ಅವರು ಮೊಬೈಲಿನಲ್ಲಿ ಕಂಪನಿಯ ಹೆಸರಿನ ಜೊತೆ ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಿದರು. ಮೇಲೆಯೇ ಕಂಡ ಹತ್ತಂಕಿಯ ಮೊಬೈಲ್ ನಂಬರಿಗೆ ಕರೆ ಮಾಡಿದರು. ಇಂಥ ನಂಬರುಗಳನ್ನು ಜಾಹೀರಾತಿನ ರೂಪದಲ್ಲೋ, ನಕ್ಷೆಯ ಆ್ಯಪಿನಲ್ಲಿ ಏಜೆನ್ಸಿಯ ವಿವರ ತಿದ್ದಿಯೋ, ಪ್ರಶ್ನೋತ್ತರದ ಪುಟಗಳಲ್ಲಿ ಮತ್ತೆ ಮತ್ತೆ ಬರೆದೋ ಮೋಸಗಾರರು ಮೊದಲೇ ನೆಟ್ಟಿರುತ್ತಾರೆ. ಅವರೇ ಕರೆ ಮಾಡುವ ಮೋಸಕ್ಕಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಕರೆ ಮಾಡಿದವರು ನಾವು. ನಾವೇ ಹುಡುಕಿ ಮಾಡಿದ ಕರೆಯ ಮೇಲೆ ನಮಗೆ ಅನುಮಾನ ಹುಟ್ಟುವುದೇ ಇಲ್ಲ.

ಆ ಕಡೆಯವನು ಹೆಸರು, ಊರು, ಗ್ರಾಹಕ ಸಂಖ್ಯೆ ಕೇಳಿಕೊಂಡ. “ನಿಮ್ಮ ಬುಕಿಂಗ್ ಕ್ಯಾನ್ಸಲ್ ಆಗಿದೆ ಮೇಡಂ, ಕೆವೈಸಿ ಪೆಂಡಿಂಗ್ ತೋರಿಸ್ತಿದೆ. ಇವತ್ತು ಮಾಡದಿದ್ದರೆ ಕನೆಕ್ಷನ್ ಬ್ಲಾಕ್ ಆಗುತ್ತೆ. ಒಟಿಪಿ ಏನೂ ಬೇಡ, ಯಾರಿಗೂ ಹೇಳಬೇಡಿ. ವಾಟ್ಸ್ಆ್ಯಪ್‌ನಲ್ಲಿ ಒಂದು ಫಾರಂ ಕಳಿಸ್ತೀನಿ, ತುಂಬಿ ಐದು ರೂಪಾಯಿ ಕಟ್ಟಿ ಸಾಕು.”

ಈ ಮಾತನ್ನು ನಿಧಾನವಾಗಿ ನೋಡಬೇಕು. ಕೆವೈಸಿ ಎಂಬುದು ಪೂರ್ತಿ ಸುಳ್ಳಲ್ಲ. ಆಧಾರ್ ಆಧಾರಿತ ಇ-ಕೆವೈಸಿ ಮಾಡಿಸಿ ಎಂದು ಕಂಪನಿಗಳು ನಿಜವಾಗಿಯೂ ಗ್ರಾಹಕರಿಗೆ ಹೇಳುತ್ತಿವೆ. ಆದರೆ ಅದು ಏಜೆನ್ಸಿಯಲ್ಲಿ ಅಥವಾ ಸಿಲಿಂಡರ್ ತಂದವರ ಬಳಿ ಬೆರಳಚ್ಚು ಇಲ್ಲವೇ ಮುಖ ತೋರಿಸಿ, ಅಥವಾ ಕಂಪನಿಯ ಸ್ವಂತ ಆ್ಯಪಿನಲ್ಲಿ ಮುಖ ತೋರಿಸಿ, ಹಣವಿಲ್ಲದೆ ಆಗುವ ಕೆಲಸ. ಕಾರ್ಡಿನ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು “ಒಟಿಪಿ ಬೇಡ” ಎಂಬ ಮಾತು. ಪತ್ರ ಓದಿದ್ದವರಿಗೆ ಇದು ನಂಬಿಕೆಯನ್ನೇ ಹುಟ್ಟಿಸಿತು. ಅವನಿಗೆ ಒಟಿಪಿ ನಿಜಕ್ಕೂ ಬಾಯಿಂದ ಕೇಳಬೇಕಾಗಿರಲಿಲ್ಲ, ಬೇರೆ ದಾರಿ ಇತ್ತು.

ಫಾರಂ ಅಲ್ಲ, ಆ್ಯಪ್

ವಾಟ್ಸ್ಆ್ಯಪ್‌ಗೆ ಬಂದ “ಫಾರಂ” ನಿಜದಲ್ಲಿ ಹೆಸರಿನ ಕೊನೆಗೆ `.apk` ಎಂದಿದ್ದ ಕಡತ. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ಕಡತ ಅದು. ಒತ್ತಿದಾಗ ಫೋನು ಎರಡು ಕಡೆ ತಡೆಯಿತು. ಗೊತ್ತಿಲ್ಲದ ಮೂಲದಿಂದ ಆ್ಯಪ್ ಹಾಕಲು ಅನುಮತಿ ಬೇಕೆಂದು ಕೇಳಿತು. ಆಮೇಲೆ ಅಪಾಯಕಾರಿ ಆ್ಯಪ್‌ಗಳನ್ನು ಪತ್ತೆಹಚ್ಚುವ ಪ್ಲೇ ಪ್ರೊಟೆಕ್ಟ್ ಎಚ್ಚರಿಸಿತು. ಎರಡನ್ನೂ ದಾಟುವುದು ಹೇಗೆಂದು ಅವನು ಫೋನಿನಲ್ಲೇ ಹೇಳಿಕೊಟ್ಟ. ಆ್ಯಪ್ ತೆರೆದಾಗ ಕಂಪನಿಯದೇ ಬಣ್ಣ, ಅದೇ ಗುರುತು. ಮೊದಲ ಪರದೆಯಲ್ಲಿ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಅವರು ಒಪ್ಪಿಗೆ ಒತ್ತಿದರು. ಮುಂದಿನ ಪರದೆಯಲ್ಲಿ ಐದು ರೂಪಾಯಿ ಕಟ್ಟಲು ಡೆಬಿಟ್ ಕಾರ್ಡಿನ ನಂಬರು, ಅವಧಿ, ಹಿಂಬದಿಯ ಮೂರು ಅಂಕಿ.

ಇಲ್ಲಿಗೆ ಕೆಲಸ ಮುಗಿದಿತ್ತು. ಕಾರ್ಡಿನ ವಿವರ ಮೋಸಗಾರರ ಕೈಗೆ ಹೋಯಿತು. ಅದನ್ನು ಬೇರೆಲ್ಲೋ ಹಾಕಿ ಖರೀದಿಗೆ ಒತ್ತಿದಾಗ ಬ್ಯಾಂಕು ಒಟಿಪಿ ಕಳಿಸಿದ್ದು ತಾಯಿಯ ಫೋನಿಗೇ. ಅದನ್ನು ಓದಲು ಅನುಮತಿ ಪಡೆದಿದ್ದ ಆ್ಯಪ್ ಅದೇ ಕ್ಷಣ ಆ ಕಡೆಗೆ ದಾಟಿಸಿತು. 12.06ಕ್ಕೆ 24,900 ರೂಪಾಯಿ, 12.09ಕ್ಕೆ 23,600 ರೂಪಾಯಿ. ಬ್ಯಾಂಕಿನ ಸಂದೇಶ ಬಂದರೂ ಅವರು ನೋಡಲಿಲ್ಲ, ಏಕೆಂದರೆ ಅವನು “ಪ್ರೊಸೆಸ್ ಆಗ್ತಿದೆ, ಲೈನ್‌ನಲ್ಲೇ ಇರಿ” ಎಂದು ಮಾತಿನಲ್ಲಿ ಹಿಡಿದಿಟ್ಟಿದ್ದ. ಆಮೇಲೆ “ನಾನು ಯಾರಿಗೂ ಒಟಿಪಿ ಹೇಳಿಲ್ಲ” ಎಂದು ಅವರು ಮಗನಿಗೂ ಬ್ಯಾಂಕಿನವರಿಗೂ ಹೇಳಿದ್ದು ಅಕ್ಷರಶಃ ನಿಜ.

ಐಫೋನಿನಲ್ಲಿ ಈ ಕಡತ ನಡೆಯುವುದಿಲ್ಲ. ಅಲ್ಲಿ ಕಂಪನಿಯದ್ದೆಂದೇ ಕಾಣುವ ನಕಲಿ ಪುಟದ ಕೊಂಡಿ ಕಳಿಸುತ್ತಾರೆ, ಅಥವಾ ಪರದೆ ಹಂಚಿಕೊಳ್ಳುವಂತೆ ಮಾಡಿ ಒಟಿಪಿಯನ್ನು ಕಣ್ಣಲ್ಲೇ ಓದುತ್ತಾರೆ. ಉಪಾಯ ಬೇರೆ, ಗುರಿ ಒಂದೇ.

ಕಳೆದುಹೋದ ಮುಕ್ಕಾಲು ಗಂಟೆ

12.40ಕ್ಕೆ ಮಗನಿಗೆ ಗೊತ್ತಾಯಿತು. 1930ಕ್ಕೆ ಕರೆ ಹೋದದ್ದು 1.25ಕ್ಕೆ. ನಡುವೆ ಆದದ್ದು: ಏಜೆನ್ಸಿಗೆ ಫೋನ್ ಮಾಡಿ ಜಗಳ, ಬ್ಯಾಂಕಿನ ಶಾಖೆಗೆ ಫೋನ್ ಮಾಡಿ ಕಾಯುವುದು, ಗಾಬರಿಯಲ್ಲಿ ಆ ಆ್ಯಪನ್ನು ಅಳಿಸಿಹಾಕುವುದು. ಮೂರೂ ಸಹಜ, ಆದರೆ ಆ ಹೊತ್ತಿಗೆ ಬೇಕಾದವಲ್ಲ.

ಮೊದಲು ಮಾಡಬೇಕಾದದ್ದು ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದು. ವೈಫೈ ಕೂಡ ಆರಿದೆಯೇ ನೋಡಿಕೊಳ್ಳಬೇಕು. ಇದರಿಂದ ಮುಂದಿನ ಒಟಿಪಿ ಬರುವುದೂ ನಿಲ್ಲುತ್ತದೆ, ದಾಟುವುದೂ ನಿಲ್ಲುತ್ತದೆ. ಆಮೇಲೆ ಇನ್ನೊಂದು ಫೋನಿನಿಂದ 1930. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಇಲ್ಲಿ ದಾಖಲಾದ ದೂರು ಹಣ ಹೋದ ಬ್ಯಾಂಕಿಗೋ ವ್ಯಾಲೆಟ್ಟಿಗೋ ತಲುಪಿ, ಅಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆಹಿಡಿಯುವ ಏರ್ಪಾಡು ಇದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಹಾರುವುದರಿಂದ ಆ ಮುಕ್ಕಾಲು ಗಂಟೆಗೆ ಅಷ್ಟು ಬೆಲೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ ಮತ್ತು ಬ್ಯಾಂಕ್ ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆ ಕೈಯಲ್ಲಿರಬೇಕು. ಕರೆಯ ನಂತರ ಸಿಗುವ ದೂರಿನ ಸಂಖ್ಯೆ ಇಟ್ಟುಕೊಂಡು 24 ಗಂಟೆಯೊಳಗೆ cybercrime.gov.in ನಲ್ಲಿ ಪೂರ್ತಿ ವಿವರ ತುಂಬಬೇಕು. ಕರ್ನಾಟಕದಲ್ಲಿ ಮುಂದಿನ ಎಫ್‌ಐಆರ್‌ಗೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಬಹುದು.

ಬ್ಯಾಂಕಿಗೂ ಕೂಡಲೇ ತಿಳಿಸಬೇಕು, ಶಾಖೆಗಲ್ಲ, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಹಾಗಾಗಿ ತಿಳಿಸಿದ ಗಂಟೆ, ನಿಮಿಷ ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು ಮುಂದೆ ವಾದಕ್ಕೆ ಬೇಕಾಗುವ ದಾಖಲೆ.

ಆ್ಯಪನ್ನು ಅಳಿಸುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಇನ್ನೊಂದು ಫೋನಿನಿಂದ ಆ್ಯಪಿನ ಪರದೆ, ವಾಟ್ಸ್ಆ್ಯಪ್ ಮಾತುಕತೆ, ಕರೆಯ ಪಟ್ಟಿ ಇವುಗಳ ಫೋಟೊ ತೆಗೆದುಕೊಳ್ಳಬೇಕು. ಅಳಿಸಿದ ಮೇಲೂ ಫೋನನ್ನು ಪೂರ್ತಿ ರೀಸೆಟ್ ಮಾಡುವವರೆಗೆ ಅದರಲ್ಲಿ ಬ್ಯಾಂಕಿನ ಕೆಲಸ ಬೇಡ. ಮತ್ತೆ ನೆಟ್‌ವರ್ಕ್ ಕೊಟ್ಟಾಗ `*#21#` ಒತ್ತಿ ಕರೆಗಳು ಬೇರೆ ನಂಬರಿಗೆ ಹೋಗುತ್ತಿವೆಯೇ ನೋಡಿ, ಹೋಗುತ್ತಿದ್ದರೆ `##002#` ಒತ್ತಿ ರದ್ದು ಮಾಡಬೇಕು.

ಈ ಮನೆಯ ಹಣದಲ್ಲಿ 23,600 ರೂಪಾಯಿ ಒಂದು ವ್ಯಾಲೆಟ್ಟಿನಲ್ಲಿ ಉಳಿದಿತ್ತು, ಅದನ್ನು ತಡೆಹಿಡಿದರು. ಉಳಿದದ್ದು ಗಿಫ್ಟ್ ವೋಚರಾಗಿ ಖರ್ಚಾಗಿ ಹೋಗಿತ್ತು. ತಡೆಹಿಡಿದ ಹಣವೂ ತಾನಾಗಿ ಖಾತೆಗೆ ವಾಪಸ್ ಬರುವುದಿಲ್ಲ. ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾಗಬಹುದು.

ಎರಡನೆಯ ಪತ್ರ

ಕಾರ್ಯದರ್ಶಿ ಹೊಸದಾಗಿ ಬರೆದ ಪತ್ರ ಹೀಗಿದೆ.

“ಮಾನ್ಯ ನಿವಾಸಿಗಳೇ,

ಹಿಂದಿನ ಪತ್ರದಲ್ಲಿ ಯಾರಿಗೂ ಒಟಿಪಿ ಹೇಳಬೇಡಿ ಎಂದು ಬರೆದಿದ್ದೆ. ಅದು ಪೂರ್ತಿ ಸರಿಯಾಗಿರಲಿಲ್ಲ. ಆ ಪತ್ರದ ಬದಲು ಇದನ್ನು ಪಾಲಿಸಿ.

ಗ್ಯಾಸ್ ಬುಕ್ ಮಾಡಿದಾಗ ಬರುವ ಡೆಲಿವರಿ ಕೋಡನ್ನು ಸಿಲಿಂಡರ್ ತಂದವರಿಗೆ ಹೇಳಬೇಕು. ಸಿಲಿಂಡರ್ ನಿಮ್ಮ ಬಾಗಿಲಲ್ಲಿ ಇಳಿದ ಮೇಲೆ, ಸೀಲ್ ನೋಡಿ, ಆಮೇಲೆ ಹೇಳಿ. ಫೋನಿನಲ್ಲಿ ಕೇಳಿದರೆ ಹೇಳಬೇಡಿ. ಹೇಳುವ ಮುನ್ನ ಸಂದೇಶವನ್ನು ಒಮ್ಮೆ ಓದಿ: ಅದರಲ್ಲಿ ಗ್ಯಾಸ್ ಕಂಪನಿಯ ಹೆಸರು ಇರಬೇಕು. ಬ್ಯಾಂಕ್, ಕಾರ್ಡ್, ಯುಪಿಐ ಎಂಬ ಪದವಿದ್ದರೆ ಅದು ಗ್ಯಾಸಿನ ಕೋಡ್ ಅಲ್ಲ.

ಗ್ಯಾಸ್ ವಿಷಯಕ್ಕೆ ಬೇಕಾದ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ನಿಮ್ಮ ಹಿಂದಿನ ಸಿಲಿಂಡರಿನ ಬಿಲ್ಲಿನಲ್ಲಿ ಅಥವಾ ಗ್ಯಾಸ್ ಪುಸ್ತಕದಲ್ಲಿ ಏಜೆನ್ಸಿಯ ನಂಬರಿದೆ. ಅದನ್ನು ಈ ಕಾಗದದ ಕೆಳಗಿನ ಖಾಲಿ ಜಾಗದಲ್ಲಿ ನೀವೇ ಬರೆದು ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಿ. ಗ್ಯಾಸ್ ಸೋರಿದರೆ 1906.

ವಾಟ್ಸ್ಆ್ಯಪ್‌ನಲ್ಲಿ ಬಂದ ಗ್ಯಾಸ್ ಫಾರಂ, ಕೆವೈಸಿ ಕಡತ, ಸಬ್ಸಿಡಿ ಲಿಂಕ್ ಯಾವುದನ್ನೂ ತೆರೆಯಬೇಡಿ. ಕೆವೈಸಿ ಬಾಕಿ ಇದ್ದರೆ ಏಜೆನ್ಸಿಗೆ ಹೋಗಿ ಮಾಡಿಸಿ, ಅದಕ್ಕೆ ಹಣವಿಲ್ಲ. ಸಬ್ಸಿಡಿ ಬರುವುದಿದ್ದರೆ ನೇರ ಖಾತೆಗೆ ಬರುತ್ತದೆ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ.

ಹಣ ಹೋದರೆ: ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ 1930ಕ್ಕೆ, ಆಮೇಲೆ ಕಾರ್ಡಿನ ಹಿಂದಿನ ನಂಬರಿಗೆ ಕರೆ ಮಾಡಿ. ಮನೆಯಲ್ಲಿ ಬೇರೆ ಫೋನ್ ಇಲ್ಲದಿದ್ದರೆ ಗೇಟಿನ ಸೆಕ್ಯುರಿಟಿ ಫೋನ್ ಬಳಸಿ, ಯಾವ ಹೊತ್ತಿನಲ್ಲಾದರೂ. ಮೋಸಹೋದದ್ದು ನಿಮ್ಮ ತಪ್ಪಲ್ಲ, ತಡಮಾಡದೆ ಹೇಳಿ.

ಕಾರ್ಯದರ್ಶಿ”

ಪತ್ರದ ಹಿಂದಿನ ಲೆಕ್ಕ

ಈ ಪತ್ರದಲ್ಲಿ ಏಜೆನ್ಸಿಯ ನಂಬರು ಬೇಕೆಂದೇ ಅಚ್ಚುಮಾಡಿಲ್ಲ. ಪತ್ರದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹತ್ತು ಗುಂಪು ಸುತ್ತುತ್ತದೆ. ಅದರಲ್ಲೊಂದು ನಂಬರನ್ನು ತಿದ್ದಿ ಮತ್ತೆ ಹರಿಯಬಿಡುವುದು ಕಷ್ಟವಲ್ಲ, ಆಗ ಕಾರ್ಯದರ್ಶಿಯ ಸಹಿಯೇ ಮೋಸಗಾರನಿಗೆ ಸಾಕ್ಷಿಯಾಗುತ್ತದೆ. 1930, 1906 ಎಂಬ ನಾಲ್ಕಂಕಿಯ ನಂಬರುಗಳನ್ನು ಎಲ್ಲಿ ಬೇಕಾದರೂ ತಾಳೆ ನೋಡಬಹುದು. ಜೊತೆಗೆ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಮೂರರ ಗ್ರಾಹಕರೂ ಇರುತ್ತಾರೆ, ಎಲ್ಲರಿಗೂ ಹೊಂದುವ ಒಂದು ಏಜೆನ್ಸಿ ನಂಬರಿಲ್ಲ.

ಗೇಟಿನಲ್ಲಿ ಒಂದು ಸಣ್ಣ ಏರ್ಪಾಡನ್ನೂ ಮಾಡಿದರು. ಗ್ಯಾಸ್ ಗಾಡಿ ಒಳಬಂದಾಗ ಸೆಕ್ಯುರಿಟಿ ಇಂಟರ್‌ಕಾಮಿನಲ್ಲಿ “ನಿಮ್ಮ ಸಿಲಿಂಡರ್ ಬಂದಿದೆ, ಕೋಡ್ ತೆಗೆದಿಟ್ಟುಕೊಳ್ಳಿ” ಎನ್ನುತ್ತಾರೆ. ಬಾಗಿಲಿಗೆ ಬಂದವರು ನಿಜವಾದ ಡೆಲಿವರಿಯವರು ಎಂಬುದು ಇದರಿಂದ ಪರಿಚಿತ ದನಿಯಲ್ಲೇ ಗೊತ್ತಾಗುತ್ತದೆ. ಆದರೆ ಕೋಡನ್ನು ಮುಂಚೆಯೇ ಗೇಟಿನ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ನಿಲ್ಲಿಸಿದರು, ಸಿಲಿಂಡರ್ ಬಾರದೆಯೂ ಡೆಲಿವರಿ ಆಯಿತೆಂದು ದಾಖಲಾಗುವ ದಾರಿ ಅದು.

ಪತ್ರಕ್ಕೆ ಎಟುಕದ ಒಂದು ಕಡೆ ಇನ್ನೂ ಇದೆ. ಎಷ್ಟೋ ಮನೆಗಳಲ್ಲಿ ಗ್ಯಾಸ್ ಕನೆಕ್ಷನ್ ಇರುವುದು ಮಗನ ಮೊಬೈಲ್ ನಂಬರಿನಲ್ಲಿ, ಮಗ ಇರುವುದು ಪುಣೆಯಲ್ಲೋ ಅಮೆರಿಕದಲ್ಲೋ. ಸಿಲಿಂಡರ್ ಬಾಗಿಲಲ್ಲಿರುವಾಗ ಕೋಡ್ ಅಲ್ಲಿರುತ್ತದೆ, ಫೋನಿನಲ್ಲಿ ಕೋಡ್ ವಿನಿಮಯವಾಗುವುದು ಮನೆಯ ರೂಢಿಯೇ ಆಗಿರುತ್ತದೆ. “ಫೋನಿನಲ್ಲಿ ಹೇಳಬೇಡಿ” ಎಂಬ ಸಾಲು ಇಂಥ ಮನೆಗೆ ಹೊಂದುವುದಿಲ್ಲ, ಹೊಂದದ ನಿಯಮವನ್ನು ಜನ ನಾಲ್ಕು ದಿನದಲ್ಲಿ ಕೈಬಿಡುತ್ತಾರೆ. ಅದಕ್ಕೆ ಇರುವ ಪರಿಹಾರ ಒಂದೇ: ಏಜೆನ್ಸಿಯಲ್ಲಿ ಅರ್ಜಿ ಕೊಟ್ಟು, ಸಿಲಿಂಡರ್ ಇಳಿಸಿಕೊಳ್ಳುವವರ ಮೊಬೈಲ್ ನಂಬರನ್ನೇ ನೋಂದಾಯಿಸುವುದು. ಕಾರ್ಯದರ್ಶಿ ಇಂಥ ಮನೆಗಳ ಪಟ್ಟಿ ಮಾಡಿ, ಪತ್ರದ ಜೊತೆ ನಂಬರ್ ಬದಲಾವಣೆಯ ಅರ್ಜಿಯನ್ನೂ ಬಾಗಿಲಿಗೆ ತಲುಪಿಸಿದರು. ಕಾಗದ ಅಂಟಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಆ ಕೆಲಸ.